ಅವನು kkkk ಅಂತಾನೆ, ನಾನು kk ಅಂತೀನಿ: ನಡುವೆ ಜಗಳ ಯಾಕೆ?

ಮಲ್ನಾಡ್_ಮಳೆ

ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ, ನಗಬೇಡಿ. ನಾನು ಕೊಪ್ಪದ ಕಡೆಯವಳು. ಮೂರು ವರ್ಷದಿಂದ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸ. ಕಳೆದ ವರ್ಷ ಇಲ್ಲೇ ಒಬ್ಬ ಹುಡುಗ ಪರಿಚಯವಾದ. ಬ್ರೆಜಿಲ್‌ನವನು, ಬೆಲೊ ಹೊರಿಜಾಂಟೆ ಅವನ ಊರು. ನಾವು ಮಾತಾಡುವುದು ಇಂಗ್ಲಿಷ್‌ನಲ್ಲಿ. ಎದುರಿಗಿದ್ದಾಗ ಒಂದು ದಿನವೂ ಜಗಳ ಆಗಿಲ್ಲ. ಏಪ್ರಿಲ್‌ನಲ್ಲಿ ಅವನಪ್ಪನಿಗೆ ಆಪರೇಷನ್ ಅಂತ ಎರಡು ತಿಂಗಳಿಗೆ ಊರಿಗೆ ಹೋದ. ಐದು ಗಂಟೆ ವ್ಯತ್ಯಾಸ, ಎಲ್ಲಾ ವಾಟ್ಸಾಪ್‌ನಲ್ಲೇ. ಅಲ್ಲಿಂದ ಶುರುವಾಯಿತು ನೋಡಿ.

ಒಂದು ದಿನ, ‘ಅಮ್ಮ ನಿನ್ನನ್ನು ನೋಡಬೇಕಂತೆ, ಭಾನುವಾರ ವಿಡಿಯೋದಲ್ಲಿ ಬರ್ತೀಯಾ?’ ಅಂತ ಬರೆದ. ನಾನು kk ಅಂತ ಹಾಕಿದೆ. ಆಯ್ತಾಯ್ತು ಅಂತ ತಾನೇ? ಮಾರನೇ ದಿನದವರೆಗೆ ಅವನಿಂದ ಮಾತಿಲ್ಲ.

ಇನ್ನೊಂದು ಸಲ ‘miss vc’ ಅಂತ ಬರೆದ. ಪಾಪ, ವಿಡಿಯೋ ಕಾಲ್ ಮಾಡದೆ ಬೇಜಾರಾಗಿದೆ ಅಂದುಕೊಂಡು ತಕ್ಷಣ ಕಾಲ್ ಹಾಕಿದೆ. ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೆ. ಅವನು ಊಟದ ಟೇಬಲ್‌ನಲ್ಲಿದ್ದ, ಸುತ್ತ ಇಪ್ಪತ್ತು ಜನ ನೆಂಟರು. ಅವನ ಸೋದರತ್ತೆ ನನ್ನ ಎಣ್ಣೆ ತಲೆಗೆ ಕೈ ಬೀಸಿದರು.

ಆಮೇಲೆ rs. ‘ಮುಂದಿನ ಸಲದ ಟಿಕೆಟ್ ನೀನೇ ತೆಗೆಸು rs’ ಅಂತ ಬರೆದ. ಎಷ್ಟು ರೂಪಾಯಿ ಅಂತ ಕೇಳಿದೆ. ಯಾವ ರೂಪಾಯಿ ಅಂದ.

ಇವೆಲ್ಲ ತಮಾಷೆ ಅನ್ನಿ. ಆದರೆ ಮೊನ್ನೆ, ‘ನಾನು ಏನು ಹೇಳಿದರೂ ನಿನಗೆ ಅನುಮಾನ ಯಾಕೆ? ಪ್ರತಿ ಮಾತಿಗೂ hmm ಅಂತೀಯ’ ಅಂದುಬಿಟ್ಟ. ಅಪ್ಪನ ಆಪರೇಷನ್ ವಿಷಯ ಹೇಳುತ್ತಿದ್ದ, ನಾನು ಕೇಳುತ್ತಾ ಹೂಂ ಹೂಂ ಅಂತಿದ್ದೆ, ಅಷ್ಟೇ! ಅದೇ ವಾರ ನಮ್ಮಿಬ್ಬರ ಗೆಳೆಯರ ಗ್ರೂಪ್‌ನಲ್ಲಿ ಒಬ್ಬಳು ಸಹೋದ್ಯೋಗಿಗೆ ಕೊನೆಯಲ್ಲಿ bjs ಅಂತ ಹಾಕಿದ್ದ. ಹುಡುಕಿದರೆ ಮುತ್ತುಗಳು ಅಂತೆ. ಮೊದಲು ನನ್ನ ಜೋಕಿಗೆ ಸಾಲು ತುಂಬ kkkkkkkk ಹಾಕುತ್ತಿದ್ದವನು ಈಗ ಎರಡೇ k ಹಾಕುತ್ತಾನೆ.

ಇದು ಭಾಷೆಯ ಎಡವಟ್ಟಾ, ಇಲ್ಲಾ ಹುಡುಗ ತಣ್ಣಗಾಗುತ್ತಿದ್ದಾನಾ? ಗೊತ್ತಿರುವವರು ಹೇಳಿ.

ಬೆಂಕಿಪೊಟ್ಟಣ

ಅಕ್ಕಾ, kkk ಅಂದರೆ ಅಮೆರಿಕದ ಬಿಳಿ ಜನಾಂಗದವರ ದ್ವೇಷದ ಸಂಘಟನೆ. ಹುಡುಗನ ಬಗ್ಗೆ ಸ್ವಲ್ಪ ವಿಚಾರಿಸಿ. ಇನ್ನೊಂದು, ಬ್ರೆಜಿಲ್‌ನವರಿಗೆ 👌 ಮಾತ್ರ ಕಳಿಸಬೇಡಿ. ಅಲ್ಲಿ ಅದು ಕೆಟ್ಟ ಬೈಗುಳ. ಎಲ್ಲೋ ಓದಿದ್ದು ನೆನಪಿದೆ.

ಸಾಂಪಾಲೊ_ಸುಬ್ಬು

ಬೆಂಕಿ, ಅರ್ಧ ಸರಿ, ಅರ್ಧ ಹೊಗೆ. ನಾನು ತುಮಕೂರಿನವನು, ನಾಲ್ಕು ವರ್ಷ ಸಾವೊ ಪಾಲೊದಲ್ಲಿದ್ದೆ. ಅಮೆರಿಕದವರು kkk ನೋಡಿ ಬೆಚ್ಚಿಬೀಳುವುದು ನಿಜ. ಆದರೆ ಬ್ರೆಜಿಲ್‌ನಲ್ಲಿ ಅದು ಬರೀ ನಗು. ಪೋರ್ಚುಗೀಸಿನಲ್ಲಿ k ಅಕ್ಷರದ ಹೆಸರೇ ‘ಕಾ’. ನಾಲ್ಕು k ಹಾಕಿದರೆ ಕಾಕಾಕಾಕಾ. ನಮಗೆ ಕಾಗೆ ಕೂಗಿದ ಹಾಗೆ ಕೇಳುತ್ತೆ, ಅವರಿಗೆ ಹೊಟ್ಟೆ ಹಿಡಿದು ನಕ್ಕ ಹಾಗೆ. 👌 ವಿಷಯಕ್ಕೆ ಬಂದರೆ, ಎದುರಿಗೆ ನಿಂತು ಕೈಯಲ್ಲಿ ಆ ಸನ್ನೆ ಮಾಡಿದರೆ ಬೈಗುಳ ಆಗಬಹುದು, ಅದು ಹೌದು. ಫೋನಿನಲ್ಲಿ ನನ್ನ ಆಫೀಸಿನವರೇ ಓಕೆ ಅನ್ನಲು ಅದನ್ನು ದಿನಾ ಕಳಿಸುತ್ತಿದ್ದರು. ಕೈ ಬೇರೆ, ಇಮೋಜಿ ಬೇರೆ.

ಈಗ ಮಳೆ ಮೇಡಂ ಪ್ರಶ್ನೆಗೆ. ಸುಲಭದ್ದನ್ನು ಮೊದಲು ಮುಗಿಸುತ್ತೇನೆ. vc ಅಂದರೆ você, ಅಂದರೆ ನೀನು. ‘miss vc’ ಅಂದರೆ ‘ನೀನಿಲ್ಲದೆ ಬೇಜಾರು’. ನೀವು ಎಣ್ಣೆ ತಲೆಯಲ್ಲಿ ಕಾಲ್ ಮಾಡಿದ್ದು ಅವರ ಮನೆಯವರಿಗೆ ಖುಷಿಯೇ ಆಗಿರುತ್ತೆ ಬಿಡಿ. rs ಅನ್ನುವುದು risos ಎಂಬ ಪದದ ತುಂಡು, ಅದೂ ನಗುವೇ. ಆದರೆ ಜೋರು ನಗು ಅಲ್ಲ, ಬಾಯಿ ಮುಚ್ಚಿ ನಕ್ಕಂತೆ. ‘ಟಿಕೆಟ್ ನೀನೇ ತೆಗೆಸು’ ಅನ್ನುವ ಮಾತು ಒರಟಾಗಿ ಕೇಳಬಾರದು ಅಂತ ಕೊನೆಯಲ್ಲಿ ಒಂದು ಮೆದು ನಗು ಇಟ್ಟಿದ್ದಾನೆ. ನಾವು ‘ಸುಮ್ನೆ ಹೇಳ್ದೆ’ ಅಂತ ಬಾಲ ಸೇರಿಸುವುದಿಲ್ಲವೇ, ಹಾಗೆ.

bjs ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ಹೆಂಗಸರನ್ನು ಭೇಟಿಯಾದರೆ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿನ ಸದ್ದು ಮಾಡುವುದು ಮಾಮೂಲಿ. ಅದೇ ರೂಢಿ ಮೆಸೇಜಿನ ಕೊನೆಗೆ ಬಂದಿದೆ. ನನ್ನ ಮನೆ ಮಾಲೀಕರು, ಅರವತ್ತು ದಾಟಿದ ಅಜ್ಜಿ, ಬಾಡಿಗೆ ಬಂತು ಅಂತ ತಿಳಿಸುವಾಗಲೂ bjs ಹಾಕುತ್ತಿದ್ದರು. ಗಂಡಸರು ಗಂಡಸರಿಗೆ ಹಾಕುವುದು abs, ಅಪ್ಪುಗೆ ಅಂತ. ಅವನು ಸಹೋದ್ಯೋಗಿಗೆ bjs ಹಾಕಿದ್ದು ‘ಸರಿ, ಬರ್ತೀನಿ’ ಅಂದ ಹಾಗೆ.

ನಿಜವಾದ ತೊಂದರೆ ಇರುವುದು ನಿಮ್ಮ kkಯಲ್ಲಿ. ಅಲ್ಲಿ k ಎಷ್ಟು ಉದ್ದವೋ ನಗು ಅಷ್ಟು ನಿಜ. ಹತ್ತು ಇದ್ದರೆ ನಿಜವಾಗಿ ನಕ್ಕಿದ್ದಾರೆ. ಎರಡೇ ಇದ್ದರೆ ‘ಹೆ ಹೆ, ಆಮೇಲೆ?’ ಅನ್ನುವ ಒಣ ನಗು. ಈಗ ಅವನ ಕಡೆಯಿಂದ ಓದಿ. ‘ಅಮ್ಮ ನಿನ್ನನ್ನು ನೋಡಬೇಕಂತೆ’ ಅಂದ. ನೀವು ‘ಹೆ ಹೆ’ ಅಂದಿರಿ. ಹುಡುಗ ಒಂದು ದಿನ ಮಾತಾಡದಿದ್ದರೆ ತಪ್ಪೇನು?

ಮಲ್ನಾಡ್_ಮಳೆ

ಅಯ್ಯೋ ದೇವರೇ. ನಾನು ದಿನಕ್ಕೆ ಇಪ್ಪತ್ತು ಸಲ kk ಹಾಕುತ್ತೇನೆ.

ಅಜ್ಜಿಮನೆ

ಮಗಳೇ, ನಾನು ಮೂವತ್ತು ವರ್ಷ ಮೇಷ್ಟ್ರ ಕೆಲಸ ಮಾಡಿ ನಿವೃತ್ತಿಯಾದವಳು. ಹೊರದೇಶದ ಹುಡುಗ ಅಂತ ಹೆದರಬೇಡ, ಹುಡುಗ ಒಳ್ಳೆಯವನಾದರೆ ಸಾಕು. ಮನೆಯಲ್ಲಿ ಹೇಳಿದ್ದೀಯಾ? ಮೊದಲು ಅಮ್ಮನಿಗೆ ಹೇಳು, ಅಪ್ಪನಿಗೆ ಅಮ್ಮ ಹೇಳುತ್ತಾರೆ. ಅವರ ಊಟ ತಿಂಡಿ ನಿನಗೆ ಒಗ್ಗುತ್ತದಾ ಅಂತಲೂ ನೋಡಿಕೋ. ಒಳ್ಳೆಯದಾಗಲಿ 🙂🙏

ಮಲ್ನಾಡ್_ಮಳೆ

ಥ್ಯಾಂಕ್ಸ್ ಅಮ್ಮ. ನಾನು ಕೇಳಿದ್ದು ಅದಲ್ಲ, ಆದರೆ ಅದೂ ತಲೆಯಲ್ಲಿ ಇದ್ದೇ ಇದೆ. ಅವರಲ್ಲೂ ದಿನಾ ಅನ್ನ ಮತ್ತು ಕಾಳಿನ ಸಾರು. ಊಟದ ಚಿಂತೆ ಇಲ್ಲ.

ಧಾರವಾಡ_ಪೇಡೆ

ನಂದೂ ಒಂದು ಕೇಳ್ರಿ. ನನ್ನ ಹೆಂಡತಿ ಬೆಂಗಳೂರಿನವಳು. ನಿಶ್ಚಿತಾರ್ಥ ಆದಮೇಲೆ ಆರು ತಿಂಗಳು ಬರೀ ಚಾಟ್. ಆಕೆ ಆಫೀಸಿನ ಕಥೆ ಉದ್ದಕ್ಕೆ ಬರೆಯುತ್ತಿದ್ದಳು, ನಾನು hmm, hmm ಅಂತ ಹಾಕುತ್ತಿದ್ದೆ. ಒಂದು ದಿನ ಅವರ ಅಕ್ಕನ ಫೋನ್ ಬಂತು, ‘ನಿಮಗೆ ಈ ಸಂಬಂಧ ಇಷ್ಟ ಇಲ್ವಾ?’ ಅಂತ. ನನಗೆ ಕೈಕಾಲು ನಡುಗಿದವು.

ನಮ್ಮ ಅಜ್ಜಿ ಕಥೆ ಹೇಳುವಾಗ ಹೂಂಗುಡಬೇಕಿತ್ತು. ಹೂಂ ಅನ್ನದಿದ್ದರೆ ಕಥೆ ಅಲ್ಲೇ ನಿಲ್ಲುತ್ತಿತ್ತು, ನಿದ್ದೆ ಬಂತೇನು ಅಂತ ಕೇಳುತ್ತಿದ್ದಳು. ನಾನು hmm ಅಂದದ್ದು ಆ ಹೂಂ. ಮುಂದೆ ಹೇಳು, ಕೇಳಾಕತ್ತೀನಿ ಅಂತ. ಆಕೆಗೆ ಕಾಲೇಜಿನ ಗೆಳತಿಯರ ಲೆಕ್ಕದಲ್ಲಿ hmm ಅಂದರೆ ‘ಬೋರ್ ಆಗ್ತಿದೆ, ಮುಗಿಸು’. ಇಬ್ಬರದೂ ಕನ್ನಡನೇ! ಬ್ರೆಜಿಲ್ ತನಕ ಯಾಕೆ ಹೋಗ್ತೀರಿ?

ಸಾಂಪಾಲೊ_ಸುಬ್ಬು

ಪೇಡೆ, ಇದು ಚೆನ್ನಾಗಿದೆ. ಬಾಯಲ್ಲಿ ಹೂಂ ಅಂದಾಗ ರಾಗ ಇರುತ್ತೆ. ಒಪ್ಪಿಗೆಯ ಹೂಂ ಒಂದು ಥರ, ಕಥೆ ಕೇಳುವ ಹೂಂ ಇನ್ನೊಂದು, ಬೇಸರದ ಹೂಂ ಮತ್ತೊಂದು. ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದರೆ ಎಲ್ಲವೂ ಅದೇ hmm. ಇಂಗ್ಲಿಷ್‌ನಲ್ಲಿ ಬರೆಯುವ ಹೊರಗಿನವರಿಗೆ hmm ಅಂದರೆ ಯೋಚನೆ, ಅನುಮಾನ. ಮಳೆ ಮೇಡಂ, ಅಪ್ಪನ ಆಪರೇಷನ್ ವಿಷಯ ಹೇಳುತ್ತಿದ್ದವನಿಗೆ ಪ್ರತಿ ಸಾಲಿಗೂ ‘ಹೌದಾ? ಗೊತ್ತಿಲ್ಲಪ್ಪ’ ಅಂದ ಹಾಗೆ ಕೇಳಿದೆ. ನಿಮ್ಮಿಬ್ಬರ ನಡುವೆ ಹೆಚ್ಚು ನೋವು ಮಾಡಿದ್ದು ಇದೇ ಇರಬೇಕು. ಅಪರಿಚಿತ ಪದ ಬಂದರೆ ಜನ ಕೇಳುತ್ತಾರೆ. ನೀವೇ rs ಏನು ಅಂತ ಕೇಳಿದಿರಿ ನೋಡಿ. hmm ಇಬ್ಬರಿಗೂ ಗೊತ್ತಿರುವ ಪದ, ಅದಕ್ಕೇ ಯಾರೂ ಕೇಳಲಿಲ್ಲ.

ಕಡಲತಡಿ

ಎಲ್ಲರೂ ಹುಡುಗನ ಪರ ವಕೀಲಿಕೆ ಮಾಡುತ್ತಿದ್ದೀರಿ. ನಾನು ಮಂಗಳೂರಿನವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಗಂಡನ ಮನೆಯಲ್ಲಿ ಕೊಂಕಣಿ. ಭಾಷೆ ಬೇರೆ ಅನ್ನುವುದು ಕೆಲವು ಗಂಡಸರಿಗೆ ಒಳ್ಳೆಯ ನೆಪ ಆಗುತ್ತದೆ ಅನ್ನುವುದೂ ಗೊತ್ತು. ಮೊದಲು ಎಂಟು k ಹಾಕುತ್ತಿದ್ದವನು ಈಗ ಎರಡು ಹಾಕುತ್ತಾನೆ ಅಂದರೆ ಅವನದೇ ಭಾಷೆಯಲ್ಲಿ ಅವನು ಕಡಿಮೆ ನಗುತ್ತಿದ್ದಾನೆ. ಸುಬ್ಬು ಅವರ ಲೆಕ್ಕವೇ ಹೇಳುತ್ತಿದೆ, ಎರಡು k ಅಂದರೆ ಒಣ ನಗು ಅಂತ. ಅದಕ್ಕೆ ಅನುವಾದ ಬೇಕಾ?

ಸಾಂಪಾಲೊ_ಸುಬ್ಬು

ಇದಕ್ಕೆ ನನ್ನಲ್ಲಿ ಸುಲಭದ ಉತ್ತರ ಇಲ್ಲ, ಒಪ್ಪುತ್ತೇನೆ. ಆದರೆ ಕಂಡುಹಿಡಿಯುವ ದಾರಿ ಇದೆ. ಮೇಡಂ, ಒಂದು ಸಂಜೆ ಕೂತು ಚಾಟ್ ಮೇಲಕ್ಕೆ ಎಳೆಯಿರಿ. k ಯಾವತ್ತಿನಿಂದ ಕಡಿಮೆಯಾಯಿತು ಅಂತ ತಾರೀಖು ಹುಡುಕಿ. ಆ ದಿನ ಮತ್ತು ಅದರ ಹಿಂದಿನ ದಿನ ಏನಾಗಿತ್ತು ನೋಡಿ. ಮತ್ತೆ ಗ್ರೂಪ್‌ನಲ್ಲಿ ಬೇರೆಯವರ ಜೋಕಿಗೆ ಈಗ ಎಷ್ಟು k ಹಾಕುತ್ತಾನೆ? ಅಲ್ಲೂ ಎರಡೇ ಆದರೆ ಅಪ್ಪನ ಚಿಂತೆ ಇರಬಹುದು. ಅಲ್ಲಿ ಹತ್ತು, ನಿಮಗೆ ಎರಡು ಅಂದರೆ ವಿಷಯ ನಿಮ್ಮಿಬ್ಬರದು. k ಬಿಟ್ಟು ಉಳಿದದ್ದನ್ನೂ ನೋಡಿ. ಬೆಳಗಿನ bom dia ನಿಂತಿದೆಯಾ? ಬ್ರೆಜಿಲ್‌ನವರು ಇಷ್ಟದವರಿಗೆ ಉದ್ದುದ್ದ ಆಡಿಯೋ ಕಳಿಸುತ್ತಾರೆ. ಅದು ಕಡಿಮೆಯಾಗಿದೆಯಾ? ತಣ್ಣಗಾಗುವವನು ಎಲ್ಲಾ ಕಡೆ ತಣ್ಣಗಾಗುತ್ತಾನೆ, k ಒಂದರಲ್ಲೇ ಅಲ್ಲ.

ಕಜಾನ್_ಹುಡುಗ

ನಾನು ಎಂಬಿಬಿಎಸ್ ಓದಲು ರಷ್ಯಾಕ್ಕೆ ಬಂದವನು, ಊರು ದಾವಣಗೆರೆ. ನನ್ನ ಗೆಳತಿ ಇಲ್ಲಿಯವಳು. ಆಕೆ ಪ್ರತಿ ಸಾಲಿನ ಕೊನೆಯಲ್ಲಿ ) ಹಾಕುತ್ತಿದ್ದಳು. ತೆರೆಯದ ಬ್ರಾಕೆಟ್ ಮುಚ್ಚುತ್ತಿದ್ದಾಳೆ, ಪಾಪ, ಫೋನ್ ಕೀಬೋರ್ಡ್ ಹಾಳಾಗಿದೆ ಅಂತ ಎರಡು ವಾರ ಅಂದುಕೊಂಡಿದ್ದೆ.

ಆಮೇಲೆ ರೂಮ್‌ಮೇಟ್ ಹೇಳಿದ. ಅದು ನಗುಮುಖ, ಕಣ್ಣಿಲ್ಲದ್ದು. ಕಂಪ್ಯೂಟರಿನ ರಷ್ಯನ್ ಕೀಬೋರ್ಡ್‌ನಲ್ಲಿ : ಬೇಕಾದರೆ ಶಿಫ್ಟ್ ಹಿಡಿದು 6 ಒತ್ತಬೇಕು. ಅದಕ್ಕೇ ಕಣ್ಣು ಬಿಟ್ಟು ಬಾಯಿ ಮಾತ್ರ ಉಳಿಸಿಕೊಂಡರು ಅಂತಾರೆ. ಒಂದು ) ಅಂದರೆ ಮುಗುಳ್ನಗೆ, ))) ಅಂದರೆ ಚೆನ್ನಾಗಿ ನಗು, (( ಅಂದರೆ ಬೇಜಾರು. ಮುಖ್ಯ ಏನೆಂದರೆ, ಆಕೆಗೆ ಸಿಟ್ಟು ಬಂದಾಗ ಸಿಟ್ಟಿನ ಇಮೋಜಿ ಬರುವುದಿಲ್ಲ. ಬ್ರಾಕೆಟ್ ಮಾಯವಾಗುತ್ತದೆ, ಅಷ್ಟೇ. ನನಗೆ ಅದು ಕಾಣುವುದೇ ಇಲ್ಲ. ‘ಎರಡು ದಿನದಿಂದ ಸಿಟ್ಟಾಗಿದ್ದೇನೆ, ಗೊತ್ತಾಗಲಿಲ್ವಾ’ ಅಂತಾಳೆ. ಇಲ್ಲದ ಬ್ರಾಕೆಟ್ ನೋಡೋದು ಹೇಗೆ ಗುರು?

ಬೆಂಕಿಪೊಟ್ಟಣ

ಪರೀಕ್ಷೆ ಪಾಸಾಗುವುದೇ ಸುಲಭ ಡಾಕ್ಟ್ರೇ. ಅಂದಹಾಗೆ ನಮ್ಮ 143 ಎಲ್ಲಾ ಕಡೆ ನಡೆಯುತ್ತಲ್ವಾ? ಅದು ಲೋಕಕ್ಕೆಲ್ಲ ಒಂದೇ.

ಶೆನ್‌ಜೆನ್_ಶೆಟ್ಟಿ

ನಡೆಯಲ್ಲ ಮಾರಾಯ. 143 ಇಂಗ್ಲಿಷ್ ಅಕ್ಷರದ ಎಣಿಕೆ, ಒಂದು, ನಾಲ್ಕು, ಮೂರು. ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯ ಮೈನಟ್ಸ್ ಲೆಡ್ಜ್ ದೀಪಸ್ತಂಭಕ್ಕೆ 1894ರಲ್ಲಿ 1-4-3 ಅಂತ ಮಿನುಗುವ ದೀಪ ಹಾಕಿದರು, ಜನ ಅದಕ್ಕೆ ‘ಐ ಲವ್ ಯೂ’ ದೀಪ ಅಂತಲೇ ಹೆಸರಿಟ್ಟರು. ಚೀನಾದಲ್ಲಿ ಲೆಕ್ಕ ಬೇರೆ, ಅಲ್ಲಿ ಎಣಿಕೆ ಅಲ್ಲ, ಸದ್ದು. 520 ಅನ್ನು ‘ವು ಅರ್ ಲಿಂಗ್’ ಅಂತ ಓದುತ್ತಾರೆ, ‘ವೊ ಐ ನಿ’ಗೆ ಹತ್ತಿರ, ಅಂದರೆ ನಿನ್ನನ್ನು ಪ್ರೀತಿಸುತ್ತೇನೆ. ಮೇ 20 ಬಂದರೆ ಊರೆಲ್ಲ ಹೂವು. ಅದೇ ಥರ 555 ಅಂದರೆ ಚೀನಾದಲ್ಲಿ ‘ವು ವು ವು’, ಅಳು. ಥಾಯ್ಲೆಂಡ್‌ನಲ್ಲಿ 5 ಅಂದರೆ ‘ಹಾ’, ಹಾಗಾಗಿ 555 ಅಂದರೆ ನಗು. ನಮ್ಮ ಆಫೀಸಿನ ಥಾಯ್ ಹುಡುಗಿ ನಗುತ್ತಾ ಕಳಿಸಿದ್ದಕ್ಕೆ ಚೀನಾ ಹುಡುಗ ಸಮಾಧಾನ ಹೇಳಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ಮಾತು, ಅಜ್ಜಿಮನೆ ಮೇಡಂ ಬೇಜಾರು ಮಾಡಿಕೊಳ್ಳಬಾರದು. ಚೀನಾದ ಹುಡುಗ ಹುಡುಗಿಯರಿಗೆ 🙂 ಕಳಿಸಿದರೆ ಮುಗಿಯಿತು. ವೀಚಾಟ್‌ನಲ್ಲಿ ಆ ನಗುವಿನ ಕಣ್ಣು ಕೆಳಗೆ ನೋಡುತ್ತೆ, ತುಟಿ ಮಾತ್ರ ನಗುತ್ತೆ. ಅವರಿಗೆ ಅದು ‘ನಿನ್ನ ಜೊತೆ ಇನ್ನೇನು ಮಾತು’ ಅನ್ನುವ ತಿರಸ್ಕಾರದ ನಗು. ವಯಸ್ಸಾದವರು ಮಾತ್ರ ಒಳ್ಳೆ ಮನಸ್ಸಿನಿಂದ ಕಳಿಸುತ್ತಾರೆ. ನಾನು ಒಬ್ಬಳಿಗೆ ಮೊದಲ ಭೇಟಿಯ ಮಾರನೇ ದಿನ 🙂 ಕಳಿಸಿದ್ದೆ. ಎರಡನೇ ಭೇಟಿ ಆಗಲೇ ಇಲ್ಲ. 🙂ಯಿಂದಲೇ ಅಂತ ಹೇಳುವ ಧೈರ್ಯ ಇಲ್ಲ, ನಾನು ಊಟಕ್ಕೆ ಕರೆದೊಯ್ದ ಜಾಗವೂ ಚೆನ್ನಾಗಿರಲಿಲ್ಲ.

ಅಜ್ಜಿಮನೆ

ಅಯ್ಯೋ! ನಮ್ಮ ಸೊಸೆಗೆ ದಿನಾ 🙂 ಕಳಿಸುತ್ತೇನಲ್ಲಪ್ಪ. ಅವಳು ಚೀನಾದವಳಲ್ಲ, ಶಿವಮೊಗ್ಗದವಳು. ಆದರೂ ಒಮ್ಮೆ, ‘ಅತ್ತೆ, ನನ್ನ ಮೇಲೆ ಸಿಟ್ಟಾ?’ ಅಂತ ಕೇಳಿದ್ದಳು. ಯಾಕೆ ಅಂತ ಇವತ್ತು ಗೊತ್ತಾಯಿತು. 🙏 ಆದರೂ ಹಾಕಬಹುದೋ ಇಲ್ಲವೋ?

ಧಾರವಾಡ_ಪೇಡೆ

ನಮಸ್ಕಾರಕ್ಕೆ ಧಾರಾಳವಾಗಿ ಹಾಕ್ರಿ ಅಮ್ಮ. ನನ್ನ ಹೆಂಡತಿ ನನಗೆ 🙏 ಕಳಿಸಿದರೆ ಮಾತ್ರ ‘ಸಾಕು ಮಾರಾಯ, ಕೈ ಮುಗೀತೀನಿ’ ಅಂತ ಅರ್ಥ. ಆ ದಿನ ರಾತ್ರಿ ಪಾತ್ರೆ ನಾನೇ ತೊಳೆಯುತ್ತೇನೆ.

ಬೆಂಕಿಪೊಟ್ಟಣ

ಶೆಟ್ರೇ, ಎಣಿಕೆಯ ಲೆಕ್ಕದಲ್ಲಿ ಕನ್ನಡಕ್ಕೂ ಒಂದು ಮಾಡಿದೆ. ನಾನು, ನಿನ್ನನ್ನು, ಪ್ರೀತಿಸುತ್ತೇನೆ. 235. ಈಗಲೇ ಒಬ್ಬಳಿಗೆ ಕಳಿಸಿದೆ. ‘ಬಸ್ ನಂಬರಾ?’ ಅಂದಳು.

ಕಡಲತಡಿ

ಹಾಗೆ ಬಾಯಿಬಿಟ್ಟು ಯಾರು ಹೇಳುತ್ತಾರೆ ಕನ್ನಡದಲ್ಲಿ? ‘ಊಟ ಆಯ್ತಾ?’ ಅಂತ ಕೇಳಿದರೆ ಅದೇ ನಮ್ಮ 143. ನಮ್ಮಲ್ಲಿ ಹುಡುಗ ರಾತ್ರಿ ಹತ್ತಕ್ಕೆ oota aytha ಅಂತ ಕಳಿಸಿದರೆ ಹುಡುಗಿಯ ಗೆಳತಿಯರೆಲ್ಲ ಸ್ಕ್ರೀನ್‌ಶಾಟ್ ನೋಡುತ್ತಾರೆ. ಅದನ್ನೇ ಇಂಗ್ಲಿಷ್ ಮಾಡಿ ಹೊರಗಿನವರಿಗೆ ಕಳಿಸಿದರೆ, ದಿನಾ ಇದೇನು ಊಟದ ತಪಾಸಣೆ ಅಂದುಕೊಳ್ಳುತ್ತಾರೆ.

ಮಲ್ನಾಡ್_ಮಳೆ

ನಾನೂ ದಿನಾ ಕೇಳುತ್ತೇನೆ! ಅವನು ತಿಂದದ್ದರ ಫೋಟೋ ಕಳಿಸುತ್ತಾನೆ. ಕರ್ತವ್ಯ ಅಂತ ಮಾಡುತ್ತಿದ್ದಾನೋ ಏನೋ.

ಸರಿ, ಸುಬ್ಬು ಅವರು ಹೇಳಿದ ಹಾಗೆ ನಿನ್ನೆ ಕೂತು ಹುಡುಕಿದೆ. ಏಪ್ರಿಲ್ ಕೊನೆಯವರೆಗೆ ನನ್ನ ಜೋಕಿಗೆ ಏಳೆಂಟು k, ಒಮ್ಮೆ ಹದಿನಾಲ್ಕು. ಅಮ್ಮನ ವಿಡಿಯೋ ಮಾತು ಬಂದದ್ದು ಮೇ 3. ಮೇ 4ಕ್ಕೆ ಅವನ ಮೊದಲ ಎರಡು k. ಅಲ್ಲಿಂದ ಹೆಚ್ಚುಕಮ್ಮಿ ಎರಡೇ. ಗ್ರೂಪ್‌ನಲ್ಲಿ ಬೇರೆಯವರಿಗೆ ಈಗಲೂ ಎಂಟು, ಹತ್ತು. ಅದನ್ನು ನೋಡಿ ಎದೆ ಧಸಕ್ಕೆಂದಿತು. ಆದರೆ bom dia ಒಂದು ದಿನವೂ ತಪ್ಪಿಲ್ಲ. ಆಡಿಯೋ ಮೊದಲಿಗಿಂತ ಜಾಸ್ತಿಯೇ ಆಗಿದೆ, ಮೂರು ನಿಮಿಷ, ನಾಲ್ಕು ನಿಮಿಷ.

ಕೊನೆಗೆ ನೇರವಾಗಿ ಕೇಳಿಯೇಬಿಟ್ಟೆ. kk ಅಂದರೆ ನಮ್ಮಲ್ಲಿ ಆಯ್ತು ಅಂತ, ನಗು ಅಲ್ಲ ಅಂತ ಬರೆದೆ. ಐದು ನಿಮಿಷ ಏನೂ ಬರಲಿಲ್ಲ. ಆಮೇಲೆ ಒಂದು ಇಡೀ ಪರದೆ ತುಂಬ k. ಎಣಿಸಲಿಲ್ಲ. ಅವನು ಹೇಳಿದ್ದು ಇಷ್ಟು: ‘ಅಮ್ಮನ ವಿಷಯಕ್ಕೆ ನೀನು ಒಣದಾಗಿ ನಕ್ಕೆ ಅಂದುಕೊಂಡೆ. ಆಮೇಲೆ ನೋಡಿದರೆ ನೀನು ಎಲ್ಲದಕ್ಕೂ ಎರಡೇ k. ಸರಿ, ಇವಳಿಗೆ ಅತಿಯಾಗಿ ನಗುವುದು ಹಿಡಿಸುವುದಿಲ್ಲ, ನಾನೂ ಕಡಿಮೆ ಮಾಡೋಣ ಅಂತ ಮಾಡಿದೆ.’ ಅಂದರೆ ನನ್ನ ಅಳತೆಗೆ ತಾನು ಸರಿಹೊಂದಿಕೊಳ್ಳುತ್ತಿದ್ದ. ನಾನು ಅದನ್ನೇ ನೋಡಿ ತಣ್ಣಗಾದ ಅಂತ ಕೊರಗುತ್ತಿದ್ದೆ. ಒಂದು ತಿಂಗಳು!

ಹೂಂ ವಿಷಯವನ್ನೂ ಹೇಳಿದೆ, ಪೇಡೆಯವರ ಅಜ್ಜಿಯ ಕಥೆ ಸಮೇತ. ಅದು ಅವನಿಗೆ ತುಂಬ ಹಿಡಿಸಿತು. ಈಗ ನಾನು ಏನು ಹೇಳಿದರೂ hooom ಅಂತ ಹಾಕುತ್ತಾನೆ, ಮೂರು o ಜೊತೆ.

ಧಾರವಾಡ_ಪೇಡೆ

ನಮ್ಮ ಅಜ್ಜಿ ಬ್ರೆಜಿಲ್ ಮುಟ್ಟಿದಳು! ಇವತ್ತು ಮನೆಯಲ್ಲಿ ಹೇಳುತ್ತೇನೆ.

ಕಡಲತಡಿ

ನನ್ನ ವಕೀಲಿಕೆ ವಾಪಸ್, ಅರ್ಧ ಮಾತ್ರ. ನೀವು ಚಾಟ್ ಎಳೆದು ನೋಡಿದ್ದರಿಂದ ತಿಳಿಯಿತು. ನೋಡದೆ ‘ಅವರ ಭಾಷೆಯೇ ಹಾಗೆ’ ಅಂದುಕೊಂಡು ಸುಮ್ಮನಿರುವವರೂ ಇದ್ದಾರೆ. ನನ್ನ ಗೆಳತಿಯೊಬ್ಬಳು ಒಂದು ವರ್ಷ ಹಾಗೆ ಇದ್ದಳು. ಆ ಹುಡುಗ ನಿಜವಾಗಿಯೂ ಬಿಟ್ಟುಹೋಗಿದ್ದ, ಇವಳಿಗೆ ಕೊನೆಗೆ ಗೊತ್ತಾಯಿತು.

ಮಲ್ನಾಡ್_ಮಳೆ

ಒಂದು ಉಳಿದಿದೆ, ಅದನ್ನು ಕೇಳಲು ಭಯ. ಫೆಬ್ರವರಿಯಲ್ಲಿ ಅವನು te adoro ಅಂತ ಬರೆದಿದ್ದ. ಫೋನಿನ ಅನುವಾದದಲ್ಲಿ ‘ನಿನ್ನನ್ನು ಆರಾಧಿಸುತ್ತೇನೆ’ ಅಂತ ಬಂತು. ಪ್ರೀತಿಗಿಂತ ಒಂದು ಕೈ ಮೇಲೆ ಅಂದುಕೊಂಡು ಇಡೀ ರಾತ್ರಿ ನಿದ್ದೆ ಮಾಡಲಿಲ್ಲ. ಈಗ ಅದೂ ಬೇರೆಯಾ?

ಸಾಂಪಾಲೊ_ಸುಬ್ಬು

ಇದನ್ನು ನೀವು ಕೇಳದಿದ್ದರೆ ಚೆನ್ನಾಗಿತ್ತು. ಆರಾಧನೆ ಅಲ್ಲ ಮೇಡಂ. ಅಲ್ಲಿ ಮೆಟ್ಟಿಲು ಹೀಗೆ: gosto de vc ಅಂದರೆ ನೀನು ಇಷ್ಟ. ಅದರ ಮೇಲೆ te adoro, ನೀನು ತುಂಬ ತುಂಬ ಇಷ್ಟ. ಎಲ್ಲಕ್ಕಿಂತ ಮೇಲೆ te amo. te adoro ಗೆಳತಿಗೂ ಹೇಳುತ್ತಾರೆ, ಅತ್ತೆಗೂ ಹೇಳುತ್ತಾರೆ. ಅದು ಕಡಿಮೆ ಅಂತಲ್ಲ. te amo ಅನ್ನಲು ಹೆದರುವವರು ಮೊದಲು te adoro ಹೇಳಿ ನೋಡುತ್ತಾರೆ. ನಮ್ಮಲ್ಲಿ ‘ನೀನಂದ್ರೆ ನನಗೆ ತುಂಬಾ ಇಷ್ಟ’ ಅಂತ ಹೇಳಿ ಸುಮ್ಮನಾಗುತ್ತಾರಲ್ಲ, ಆ ಜಾಗ. ಅವನು ಹೆದರಿದ್ದನೋ, ಅಷ್ಟೇ ಇಷ್ಟವೋ, ಅದು ಪದದಲ್ಲಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಅವರ ಪ್ರೇಮಿಗಳ ದಿನ ಫೆಬ್ರವರಿ 14 ಅಲ್ಲ, ಜೂನ್ 12. ನಾಳಿದ್ದೇ. ಅಲ್ಲಿ ‘ಸುಮ್ಮನೆ ಜೊತೆಗಿದ್ದೇವೆ’ ಅನ್ನುವುದಕ್ಕೂ namoro, ಅಂದರೆ ‘ನಾವಿಬ್ಬರೂ ಪ್ರೇಮಿಗಳು’ ಅನ್ನುವುದಕ್ಕೂ ಗೆರೆ ಇದೆ. ಎಷ್ಟೋ ಜನ ಅದನ್ನು ಬಾಯಿಬಿಟ್ಟು ಕೇಳಿಯೇ ದಾಟುತ್ತಾರೆ. ನಿಮ್ಮನ್ನು ಕೇಳಿದ್ದಾನಾ?

ಮಲ್ನಾಡ್_ಮಳೆ

ಇಲ್ಲ. ನಾನು ಅದು ಆಗಿಹೋಗಿದೆ ಅಂದುಕೊಂಡಿದ್ದೆ. ಅವರಮ್ಮನಿಗೆ ನನ್ನನ್ನು ಏನಂತ ಪರಿಚಯ ಮಾಡಿದ್ದಾನೆ ಅಂತಲೂ ಕೇಳಿಲ್ಲ.

ಶೆನ್‌ಜೆನ್_ಶೆಟ್ಟಿ

ಅಮ್ಮನ ಎದುರು ವಿಡಿಯೋಗೆ ಕರೆದವನು ಕೇಳಿದ ಹಾಗೇ ಅಲ್ವಾ?

ಸಾಂಪಾಲೊ_ಸುಬ್ಬು

ಕೊಪ್ಪದಲ್ಲಿ ಹೌದು. ಬೆಲೊ ಹೊರಿಜಾಂಟೆಯಲ್ಲಿ ಅಮ್ಮಂದಿರು ಮಗನ ಗೆಳೆಯರನ್ನೆಲ್ಲ ನೋಡಬೇಕು ಅಂತಾರೆ. ನನ್ನನ್ನೂ ಎಷ್ಟೋ ಅಮ್ಮಂದಿರು ವಿಡಿಯೋದಲ್ಲಿ ನೋಡಿದ್ದಾರೆ.

ಕಡಲತಡಿ

ಮೇಡಂ, ಪದ ಬಿಡಿ. ಅವನನ್ನೇ ಕೇಳಿ. kk ಕೇಳಿದ ಹಾಗೆ.

ಮಲ್ನಾಡ್_ಮಳೆ

ಕೇಳಿದೆ. ಇವತ್ತು ಮಧ್ಯಾಹ್ನ, ಅಲ್ಲಿ ಬೆಳಗ್ಗೆ ಎಂಟು. te adoro ಅಂದರೆ ನಿನ್ನ ಲೆಕ್ಕದಲ್ಲಿ ಎಷ್ಟು ಅಂತ. ಟೈಪಿಂಗ್ ಅಂತ ಬಂತು, ಹೋಯಿತು, ಮತ್ತೆ ಬಂತು. ಹತ್ತು ನಿಮಿಷ ಹೀಗೇ. ಕೊನೆಗೆ ಬಂದದ್ದು ಒಂದು ಆಡಿಯೋ, ಆರು ನಿಮಿಷ ಹನ್ನೆರಡು ಸೆಕೆಂಡ್. ಆಫೀಸಿನಲ್ಲಿದ್ದೇನೆ, ಇಯರ್‌ಫೋನ್ ಮನೆಯಲ್ಲಿ. ಕೈ ನಡುಗುತ್ತಿದೆ.

ಬೆಂಕಿಪೊಟ್ಟಣ

ಬಾತ್‌ರೂಮಿಗೆ ಹೋಗಿ ಕೇಳಿ ಅಕ್ಕಾ!! ನಾವೆಲ್ಲ ಇಲ್ಲೇ ಕಾಯ್ತಿದ್ದೀವಿ.

ಅಜ್ಜಿಮನೆ

ಸಮಾಧಾನವಾಗಿ ಮನೆಗೆ ಹೋಗಿ ಕೇಳು ಮಗಳೇ, ಊಟ ಮಾಡಿಕೊಂಡು. ದೇವರು ಒಳ್ಳೆಯದು ಮಾಡಲಿ 🙂

ಛೇ. 😊